ಬಿಎಸ್ಸಿ ಮುಗಿಸಿದವರಿಗೆ ಔಷಧ ಕಂಪನಿಯ ಕ್ಯೂಸಿ ಕೆಲಸ: ಒಳಗೆ ಏನು ಮಾಡಿಸ್ತಾರೆ, ಸಂದರ್ಶನದಲ್ಲಿ ಏನು ಕೇಳ್ತಾರೆ, ಎಲ್ಲಿ ಎಡವುತ್ತಾರೆ

ಶಿಕಾರಿಪುರದ್ದೋ ಸೊರಬದ್ದೋ ಯಾವುದಾದರೂ ಮೆಡಿಕಲ್ ಶಾಪಿಗೆ ಹೋಗಿ ಒಂದು ಪ್ಯಾರಾಸಿಟಮಾಲ್ ಸ್ಟ್ರಿಪ್ ತೆಗೆದುಕೊಳ್ಳಿ. ಹಿಂದೆ ಸಣ್ಣ ಅಕ್ಷರದಲ್ಲಿ ಬ್ಯಾಚ್ ನಂಬರ್ ಇರುತ್ತೆ. ಆ ಬ್ಯಾಚು ಕಾರ್ಖಾನೆಯಿಂದ ಹೊರಗೆ ಬರಬೇಕಾದರೆ ಒಳಗೊಂದು ಲ್ಯಾಬಿನಲ್ಲಿ ಯಾರೋ ಅದರ ಇಪ್ಪತ್ತು ಮಾತ್ರೆ ತೂಗಿ, ಪುಡಿ ಮಾಡಿ, ಕರಗಿಸಿ, ಅಳೆದು, ಲೆಕ್ಕ ಬರೆದು ಸಹಿ ಹಾಕಿರಬೇಕು. ಆ ಲ್ಯಾಬಿನ ಹೆಸರೇ ಕ್ವಾಲಿಟಿ ಕಂಟ್ರೋಲ್, ಎಲ್ಲರ ಬಾಯಲ್ಲಿ ಕ್ಯೂಸಿ. ಸಹಿ ಹಾಕುವವರಲ್ಲಿ ಬಹಳಷ್ಟು ಜನ ಬಿ.ಫಾರ್ಮ ಓದಿದವರಲ್ಲ. ಕೆಮಿಸ್ಟ್ರಿ ಇದ್ದ ಬಿಎಸ್ಸಿ, ಎಂಎಸ್ಸಿಯವರು.

ನಮ್ಮಲ್ಲಿ ಬಿಎಸ್ಸಿ ಆಯ್ತು ಅಂದ ಕೂಡಲೇ ಮನೆಯಲ್ಲಿ ಬರುವ ಮುಂದಿನ ಮಾತು ಬಿ.ಎಡ್. ಅದು ಬೇಡ ಅಂತಲ್ಲ. ಆದರೆ ಸಿಬಿಝಡ್, ಪಿಸಿಎಂ, ಬಯೋಟೆಕ್ ಓದಿದ ಮಕ್ಕಳಿಗೆ ಕ್ಯೂಸಿ ಅಂದರೆ ಏನು, ಅಲ್ಲಿ ದಿನಾ ಏನು ಮಾಡ್ತಾರೆ ಅನ್ನೋದನ್ನ ಯಾರೂ ಕೂತು ಹೇಳಿರೋದಿಲ್ಲ. ಗೊತ್ತಿಲ್ಲದೆ ಸಂದರ್ಶನಕ್ಕೆ ಹೋಗಿ, ಬರೋ ಪ್ರಶ್ನೆಗೆ ತಬ್ಬಿಬ್ಬಾಗಿ ವಾಪಸ್ ಬರ್ತಾರೆ. ಹಾಗಾಗಿ ಈ ಲೇಖನದಲ್ಲಿ ಹೆಚ್ಚು ಜಾಗ ಲ್ಯಾಬಿನ ಒಳಗಿನ ಕೆಲಸಕ್ಕೇ ಕೊಟ್ಟಿದ್ದೇವೆ.

ಒಂದು ಮಾತ್ರೆಯ ಲೆಕ್ಕ

ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆಯನ್ನೇ ಇಟ್ಟುಕೊಳ್ಳೋಣ. ಮಾತ್ರೆಯಲ್ಲಿ ನಿಜಕ್ಕೂ 500 ಮಿಲಿಗ್ರಾಂ ಔಷಧ ಇದೆಯಾ ಎಂದು ನೋಡುವ ಪರೀಕ್ಷೆಗೆ ಅಸ್ಸೇ ಅಂತಾರೆ. ಭಾರತೀಯ ಫಾರ್ಮಕೋಪಿಯಾ, ಅಂದರೆ ಐಪಿ ಎಂಬ ಸರ್ಕಾರಿ ಗ್ರಂಥದ ಪ್ರಕಾರ ಹೇಳಿದ ಪ್ರಮಾಣದ ಶೇ. 95ರಿಂದ 105ರ ಒಳಗೆ ಬರಬೇಕು. ಇದನ್ನು ನೋಡಲು ಬಹುಕಾಲದಿಂದ ಬಳಕೆಯಲ್ಲಿರೋದು ಯುವಿ ಸ್ಪೆಕ್ಟ್ರೋಫೋಟೋಮೀಟರ್ ವಿಧಾನ. ಡಿಗ್ರಿಯಲ್ಲಿ ಬಿಯರ್-ಲ್ಯಾಂಬರ್ಟ್ ನಿಯಮ ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

20 ಮಾತ್ರೆ ತೂಗಿದಾಗ ಒಂದಕ್ಕೆ ಸರಾಸರಿ 580 ಮಿಲಿಗ್ರಾಂ ಬಂತು ಅನ್ನಿ. 500 ಔಷಧ, ಉಳಿದದ್ದು ಗಂಜಿ, ಅಂಟು ಇತ್ಯಾದಿ. ನಮಗೆ ಬೇಕಿರೋದು 150 ಮಿಲಿಗ್ರಾಂ ಔಷಧ ಇರುವಷ್ಟು ಪುಡಿ, ಅಂದರೆ 174 ಮಿಲಿಗ್ರಾಂ. ಅದನ್ನ ತೂಗಿ, 50 ಮಿಲಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಮತ್ತು 100 ಮಿಲಿ ನೀರು ಹಾಕಿ 15 ನಿಮಿಷ ಅಲುಗಾಡಿಸಿ, 200 ಮಿಲಿಗೆ ಭರ್ತಿ ಮಾಡಿ ಸೋಸಬೇಕು. ಸೋಸಿದ್ದರಲ್ಲಿ 10 ಮಿಲಿ ತೆಗೆದು 100 ಮಿಲಿ ಮಾಡಬೇಕು. ಅದರಲ್ಲಿ ಮತ್ತೆ 10 ಮಿಲಿ ತೆಗೆದು, ಸ್ವಲ್ಪ ಹೈಡ್ರಾಕ್ಸೈಡ್ ಸೇರಿಸಿ, ಇನ್ನೊಮ್ಮೆ 100 ಮಿಲಿ ಮಾಡಬೇಕು. ಈ ಕೊನೆಯ ದ್ರಾವಣವನ್ನು 257 ನ್ಯಾನೋಮೀಟರಿನಲ್ಲಿ ಅಳೆಯೋದು.

100 ಮಿಲಿಯಲ್ಲಿ 1 ಗ್ರಾಂ ಪ್ಯಾರಾಸಿಟಮಾಲ್ ಇದ್ದರೆ ಅಬ್ಸಾರ್ಬೆನ್ಸ್ 715 ಅಂತ ಇಟ್ಟುಕೊಂಡು ಲೆಕ್ಕ ಹಾಕ್ತಾರೆ. ನಮ್ಮ ಕೊನೆಯ ದ್ರಾವಣದಲ್ಲಿ ಇರಬೇಕಾದದ್ದು 100 ಮಿಲಿಗೆ 0.00075 ಗ್ರಾಂ. ಗುಣಿಸಿದರೆ 0.536. ಯಂತ್ರದಲ್ಲಿ 0.536 ಬಂದರೆ ಮಾತ್ರೆಯಲ್ಲಿ ನೂರಕ್ಕೆ ನೂರು ಔಷಧ ಇದೆ ಎಂದರ್ಥ.

ಈಗ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿಯೊಬ್ಬಳು ಈ ಪರೀಕ್ಷೆ ಮಾಡಿದಳು, ಯಂತ್ರ 0.482 ತೋರಿಸ್ತು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಶೇ. 89.9. ಮಿತಿಯ ಹೊರಗೆ. ಇದಕ್ಕೆ ಔಟ್ ಆಫ್ ಸ್ಪೆಸಿಫಿಕೇಶನ್, ಚಿಕ್ಕದಾಗಿ ಓಓಎಸ್ ಅಂತಾರೆ. ಕ್ಯೂಸಿ ಕೆಲಸದ ತಿರುಳೆಲ್ಲ ಇರೋದು ಮುಂದಿನ ಹತ್ತು ನಿಮಿಷದಲ್ಲಿ ಅವಳು ಏನು ಮಾಡ್ತಾಳೆ ಅನ್ನೋದರಲ್ಲಿ.

ಕಾಲೇಜಿನಲ್ಲಾದರೆ ಏನು ಮಾಡ್ತಿದ್ವಿ? ಸಿಂಕಿಗೆ ಸುರಿದು ಇನ್ನೊಂದು ಸಲ ಮಾಡ್ತಿದ್ವಿ. ರೀಡಿಂಗ್ ಸರಿ ಬರೋ ತನಕ ಮಾಡಿ, ಸರಿ ಬಂದದ್ದನ್ನು ರೆಕಾರ್ಡಿಗೆ ಬರೀತಿದ್ವಿ. ಔಷಧ ಕಂಪನಿಯಲ್ಲಿ ಇದೇ ದೊಡ್ಡ ತಪ್ಪು. ಮೊದಲು ಮಾಡಬೇಕಾದದ್ದು ಏನೂ ಚೆಲ್ಲದೆ ಮೇಲಿನವರನ್ನು ಕರೆಯೋದು. ದ್ರಾವಣ, ಫ್ಲಾಸ್ಕ್, ಪಿಪೆಟ್ ಎಲ್ಲ ಇದ್ದ ಹಾಗೇ ಇರಬೇಕು. ಯಾಕೆಂದರೆ ತಪ್ಪು ಮಾತ್ರೆಯದೋ, ಕೈಯದೋ ಅನ್ನೋದಕ್ಕೆ ಸಾಕ್ಷಿ ಅವೇ.

ಮೇಲಿನವರು ಮೊದಲು ತಕ್ಕಡಿಯ ಪ್ರಿಂಟ್ ಚೀಟಿ ನೋಡ್ತಾರೆ. 174 ಮಿಲಿಗ್ರಾಂ ಸರಿ ಇದೆ. ಲೆಕ್ಕವೂ ಸರಿ. ಆಮೇಲೆ ಅನುಮತಿ ಬರೆದು, ಸೋಸಿ ಇಟ್ಟ ಅದೇ ಮೊದಲ ದ್ರಾವಣದಿಂದ ಮತ್ತೊಮ್ಮೆ ತೆಳು ಮಾಡಿಸ್ತಾರೆ. ಈ ಸಲ 0.535, ಅಂದರೆ ಶೇ. 99.8. ಹೀಗೆ ಬಂದರೆ ಪುಡಿ ತೂಗಿದ್ದು, ಅಲುಗಾಡಿಸಿದ್ದು, ಮಾತ್ರೆ ಎಲ್ಲವೂ ಸರಿ, ತೆಳು ಮಾಡುವಾಗ ಎಡವಟ್ಟಾಗಿದೆ ಎಂದು ತಿಳಿಯುತ್ತೆ. ಎರಡನೇ ಸಲವೂ 0.482ರ ಹತ್ತಿರವೇ ಬಂದಿದ್ದರೆ ತಪ್ಪು ಇನ್ನೂ ಹಿಂದಿದೆ. ಸರಿಯಾಗಿ ಅಲುಗಾಡಿಸಿಲ್ಲ, ಇಲ್ಲವೇ ಮಾತ್ರೆಯಲ್ಲೇ ಔಷಧ ಕಡಿಮೆ ಇದೆ.

ಇಲ್ಲಿ ಆಗಿದ್ದೇನು? ಅವಳು ಬಳಸಿದ್ದು ಗೆರೆಗಳಿರುವ ಪಿಪೆಟ್. ಸೊನ್ನೆಯಿಂದ 10ರವರೆಗೆ ಬಿಡುವ ಬದಲು ಒಂದು ಸಲ 9ರ ಗೆರೆಯಲ್ಲಿ ನಿಲ್ಲಿಸಿದ್ದಾಳೆ. 10ರ ಬದಲು 9 ಮಿಲಿ ಹೋದರೆ ಫಲಿತಾಂಶ ಹತ್ತರಲ್ಲೊಂದು ಪಾಲು ಇಳಿಯುತ್ತೆ. 0.535ರ ಒಂಬತ್ತು ಪಾಲು ಸರಿಯಾಗಿ 0.482 ಹತ್ತಿರ ಬರುತ್ತೆ, ನೀವೇ ಗುಣಿಸಿ ನೋಡಿ. ಬೀಳಬೇಕಾದಷ್ಟೇ ಬಿದ್ದಿದೆ ಎಂದಾಗ ಕಾರಣ ಹೊಂದಿತು. ಇಂಥ ಕೆಲಸಕ್ಕೆ ಬಳಸಬೇಕಿದ್ದದ್ದು ನಡುವೆ ಉಬ್ಬಿರುವ, ಒಂದೇ ಗೆರೆಯ ಬಲ್ಬ್ ಪಿಪೆಟ್. ಕಾರಣ ಬರೆದು, ಮೊದಲ ಫಲಿತಾಂಶವನ್ನು ಕಾರಣ ಸಮೇತ ಕಡತದಲ್ಲೇ ಉಳಿಸಿ, ನಂತರ ಪರೀಕ್ಷೆಯನ್ನು ಮೊದಲಿಂದ ಮಾಡ್ತಾರೆ. ಹುಡುಗಿಗೆ ಮತ್ತೆ ತರಬೇತಿ. ಕೆಲಸ ಹೋಗೋದಿಲ್ಲ.

ಅವಳು ಹೆದರಿ ಮೊದಲ ದ್ರಾವಣ ಚೆಲ್ಲಿ, ಎರಡನೇದನ್ನಷ್ಟೇ ಬರೆದಿದ್ದರೆ? ಯಂತ್ರದ ಕಂಪ್ಯೂಟರಿನಲ್ಲಿ ಆಡಿಟ್ ಟ್ರೇಲ್ ಅಂತ ಇರುತ್ತೆ. ಯಾರು, ಎಷ್ಟು ಗಂಟೆಗೆ, ಎಷ್ಟು ಸಲ ಅಳೆದರು ಎಲ್ಲ ಅದರಲ್ಲಿ ಅಳಿಸಲಾಗದಂತೆ ಉಳಿದಿರುತ್ತೆ. ತಪಾಸಣೆಗೆ ಬಂದವರು ಮೊದಲು ತೆರೆಸೋದೇ ಅದನ್ನ. ಆಗ ಹೋಗೋದು ಒಬ್ಬಳ ಕೆಲಸ ಮಾತ್ರ ಅಲ್ಲ. ಆ ಲ್ಯಾಬಿನ ಉಳಿದ ಎಲ್ಲ ವರದಿಗಳ ಮೇಲೂ ಅನುಮಾನ ಬರುತ್ತೆ, ಅಮೆರಿಕಕ್ಕೋ ಯುರೋಪಿಗೋ ಕಳಿಸುವ ಕಂಪನಿಯಾದರೆ ಸರಕೇ ನಿಲ್ಲಬಹುದು.

ಸಂದರ್ಶನದಲ್ಲಿ ಕೇಳೋದು ಇದನ್ನೇ

ಹೊಸಬರಿಗೆ ದೊಡ್ಡ ಯಂತ್ರ ನಡೆಸಲು ಬರೋದಿಲ್ಲ ಎಂದು ಕಂಪನಿಯವರಿಗೂ ಗೊತ್ತು. ಎಚ್‌ಪಿಎಲ್‌ಸಿ ಮುಟ್ಟಿಲ್ಲ ಅಂದರೆ ಅದೇ ಕಾರಣಕ್ಕೆ ವಾಪಸ್ ಕಳಿಸೋದು ಕಡಿಮೆ. ಆದರೆ ಅದು ಏನನ್ನು ಬೇರ್ಪಡಿಸುತ್ತೆ, ಅದರಲ್ಲಿ ಪಂಪು, ಕಾಲಂ, ಡಿಟೆಕ್ಟರ್ ಯಾಕಿವೆ ಎಂದು ಹೇಳೋಕೆ ಬರಬೇಕು. ಉಳಿದದ್ದು ತೀರಾ ಮೂಲದ ಪ್ರಶ್ನೆಗಳು. ನಾರ್ಮಾಲಿಟಿಗೂ ಮೊಲಾರಿಟಿಗೂ ಏನು ವ್ಯತ್ಯಾಸ, ಒಂದು ಲೀಟರ್ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ ಹೇಗೆ ಮಾಡ್ತೀರಿ ಇತ್ಯಾದಿ. ಸುಮಾರು 8.5 ಮಿಲಿ ಗಾಢ ಆಸಿಡನ್ನು ನೀರಿಗೆ ಹಾಕಿ ಲೀಟರ್ ಮಾಡ್ತೇನೆ ಅಂದರೆ ಅರ್ಧ ಉತ್ತರ. ಮಾಡಿದ ಮೇಲೆ ಅದು ನಿಜಕ್ಕೂ 0.1 ಇದೆಯಾ ಎಂದು ಸ್ಟಾಂಡರ್ಡೈಸ್ ಮಾಡ್ತೇನೆ ಅಂದರೆ ಪೂರ್ತಿ. ಈ ಎರಡನೇ ಅರ್ಧ ಬಿಟ್ಟು ಬರುವವರೇ ಜಾಸ್ತಿ.

ಆಮೇಲೆ ಬರವಣಿಗೆ. ಬರೆದದ್ದು ತಪ್ಪಾದರೆ ಏನು ಮಾಡ್ತೀರಿ ಅಂತ ಕೇಳ್ತಾರೆ. ಒಂದೇ ಗೆರೆ ಎಳೆದು, ಹಿಂದಿನದು ಓದೋ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು, ಕಾರಣ. ವೈಟ್ನರ್ ಲ್ಯಾಬಿನೊಳಗೆ ಬರಲೇಬಾರದು. ಚೀಟಿಯಲ್ಲಿ ಬರೆದುಕೊಂಡು ಸಂಜೆ ಪುಸ್ತಕಕ್ಕೆ ಇಳಿಸೋದೂ ತಪ್ಪು. ಅಂಗಡಿಯಲ್ಲಿ ಕಚ್ಚಾ ಲೆಕ್ಕ, ಪಕ್ಕಾ ಲೆಕ್ಕ ಎರಡು ಇಟ್ಟು ಅಭ್ಯಾಸ ಇರೋ ನಮ್ಮೂರಿನವರಿಗೆ ಇದು ಸ್ವಲ್ಪ ವಿಚಿತ್ರ ಅನಿಸಬಹುದು. ಅಲ್ಲಿ ಕಚ್ಚಾ ಅನ್ನೋದೇ ಇಲ್ಲ, ಮೊದಲು ಬರೆದದ್ದೇ ಪಕ್ಕಾ.

ಪ್ರಶ್ನೆಗಳು ಇಂಗ್ಲಿಷಿನಲ್ಲೇ ಇರುತ್ತವೆ. ಇಂಗ್ಲಿಷ್ ಚೆನ್ನಾಗಿರಬೇಕು ಅನ್ನೋದಕ್ಕಿಂತ, ಮಾಡಿದ ಒಂದು ಪ್ರಯೋಗವನ್ನು ಮೊದಲಿಂದ ಕೊನೆವರೆಗೆ ತಡವರಿಸದೆ ಹೇಳೋಕೆ ಬರಬೇಕು. ಮೇಲಿನ ಪ್ಯಾರಾಸಿಟಮಾಲ್ ಲೆಕ್ಕವನ್ನೇ ಪೆನ್ನು ಹಿಡಿದು ಎರಡು ಸಲ ಮಾಡಿ, ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಮೈಕ್ರೋಬಯಾಲಜಿ, ಬಯೋಟೆಕ್ ಓದಿದವರು

ನೇರವಾಗಿ ಹೇಳಬೇಕೆಂದರೆ ಇವರಿಗೆ ಹುದ್ದೆ ಕಡಿಮೆ. ಕೆಮಿಸ್ಟ್ರಿ ಪರೀಕ್ಷೆ ಪ್ರತಿ ಬ್ಯಾಚಿಗೂ ಹಲವು ಇರುತ್ತೆ, ಮೈಕ್ರೋ ಲ್ಯಾಬು ಸಣ್ಣದು. ಆದರೆ ಇಂಜೆಕ್ಷನ್, ಡ್ರಿಪ್, ಲಸಿಕೆ ಮಾಡುವ ಕಡೆ ಅವರಿಲ್ಲದೆ ಒಂದು ಬಾಟಲಿಯೂ ಹೊರಡೋದಿಲ್ಲ. ಅಲ್ಲಿನ ಮುಖ್ಯ ಕೆಲಸ ಸ್ಟೆರಿಲಿಟಿ ಪರೀಕ್ಷೆ. ಮಾದರಿಯನ್ನು ಎರಡು ಬಗೆಯ ಆಹಾರ ದ್ರವಕ್ಕೆ ಹಾಕಿ, ಒಂದನ್ನು 30ರಿಂದ 35 ಡಿಗ್ರಿ, ಇನ್ನೊಂದನ್ನು 20ರಿಂದ 25 ಡಿಗ್ರಿ ಶಾಖದಲ್ಲಿ 14 ದಿನ ಇಟ್ಟು ನೋಡ್ತಾರೆ. ದ್ರವ ಕಲಕಿದಂತಾದರೆ ಏನೋ ಬೆಳೆದಿದೆ ಎಂದರ್ಥ.

ಅದರ ಜೊತೆಗೆ ಎಂಡೋಟಾಕ್ಸಿನ್ ಪರೀಕ್ಷೆ ಬೇರೆ ಇದೆ. ಬ್ಯಾಕ್ಟೀರಿಯಾ ಸತ್ತರೂ ಅದರ ಹೊರಕವಚದ ವಿಷ ನೀರಿನಲ್ಲಿ ಉಳಿಯಬಹುದು. ಹಾಗಾಗಿ ಸ್ಟೆರಿಲಿಟಿಯಲ್ಲಿ ಪಾಸಾದ ಡ್ರಿಪ್ ಎಂಡೋಟಾಕ್ಸಿನ್‌ನಲ್ಲಿ ಫೇಲಾಗೋದುಂಟು. ಇಂಥದ್ದು ರಕ್ತನಾಳಕ್ಕೆ ಹೋದರೆ ಚಳಿ ಜ್ವರದಿಂದ ಶುರುವಾಗಿ ಜೀವಕ್ಕೇ ಅಪಾಯ ತರುತ್ತೆ. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಸಂದರ್ಶನದಲ್ಲಿ ಹೇಳಿದರೆ ಎದುರಿಗೆ ಕೂತವರು ತಲೆ ಎತ್ತಿ ನೋಡ್ತಾರೆ.

ಇದು ಬರೀ ಪಠ್ಯದ ಮಾತಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ಅನುಮಾನ ಹೋಗಿದ್ದು ಅವರಿಗೆ ಹಾಕಿದ್ದ ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಆ ಡ್ರಿಪ್‌ನ ಹಲವು ಬ್ಯಾಚುಗಳು ಗುಣಮಟ್ಟದ್ದಲ್ಲ ಎಂದು ರಾಜ್ಯದ ಪರೀಕ್ಷೆ ಹೇಳಿತ್ತು, ಅವುಗಳಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಾಲಯ ಸರಿ ಇದೆ ಎಂದಿತ್ತು. ಎರಡು ಲ್ಯಾಬಿನ ವರದಿ ಹೀಗೆ ಎದುರು ಬದುರಾದಾಗ ಮಾದರಿ ಹೇಗೆ ತೆಗೆದರು, ಹೇಗೆ ಇಟ್ಟರು, ಯಾವ ಪರೀಕ್ಷೆ ಹೇಗೆ ಮಾಡಿದರು ಅನ್ನುವ ಬರವಣಿಗೆ ಬಿಟ್ಟರೆ ಬೇರೆ ದಾರಿಯೇ ಇರೋದಿಲ್ಲ.

ಮಾರ್ಕ್ಸ್ ಕಾರ್ಡಿನಲ್ಲಿ ಕೆಮಿಸ್ಟ್ರಿ ಇದೆಯಾ ನೋಡಿ

ಕೆಲವು ವರ್ಷ ಕಳೆದ ಮೇಲೆ ಗೊತ್ತಾಗುವ ಒಂದು ತೊಡಕು ಇದು. 1945ರ ಔಷಧ ನಿಯಮಗಳ ಪ್ರಕಾರ ಔಷಧ ತಯಾರಿಕೆ ನಡೆಯಬೇಕಾದದ್ದು ಅರ್ಹ ತಾಂತ್ರಿಕ ಸಿಬ್ಬಂದಿಯ ಉಸ್ತುವಾರಿಯಲ್ಲಿ. ಸಾಮಾನ್ಯವಾಗಿ ಫಾರ್ಮಸಿ ಪದವಿಯವರಿಗೆ 18 ತಿಂಗಳ ಅನುಭವ ಸಾಕು. ಬಿಎಸ್ಸಿಯವರಾದರೆ ಕೆಮಿಸ್ಟ್ರಿ ಮುಖ್ಯ ವಿಷಯವಾಗಿರಬೇಕು, ಪದವಿಯ ನಂತರ ಮೂರು ವರ್ಷ ತಯಾರಿಕೆಯ ಅನುಭವ ಬೇಕು. ಪರೀಕ್ಷಾ ವಿಭಾಗದ ಮುಖ್ಯಸ್ಥರಿಗೂ ಪದವಿಯ ಜೊತೆ ಔಷಧ ಪರೀಕ್ಷೆಯ ಸಾಕಷ್ಟು ಅನುಭವ ಇದೆ ಎಂದು ಲೈಸೆನ್ಸ್ ಕೊಡುವ ಇಲಾಖೆ ಒಪ್ಪಬೇಕು. ಹೀಗೆ ಒಪ್ಪಿಗೆ ಸಿಕ್ಕವರನ್ನು ಕಂಪನಿಗಳಲ್ಲಿ ಅಪ್ರೂವ್ಡ್ ಕೆಮಿಸ್ಟ್ ಅಂತಾರೆ. ಹೆಸರು ಲೈಸೆನ್ಸಿನ ಕಡತಕ್ಕೆ ಹೋಗುತ್ತೆ, ಸಂಬಳವೂ ಸ್ಥಾನವೂ ಬದಲಾಗುತ್ತೆ.

ಆದ್ದರಿಂದ ಡಿಗ್ರಿ ಸೇರುವಾಗಲೇ ಕಾಂಬಿನೇಶನ್ ಬಗ್ಗೆ ಯೋಚಿಸೋದು ಒಳ್ಳೆಯದು. ಬಯೋಟೆಕ್ ಅಥವಾ ಮೈಕ್ರೋ ಜೊತೆಗೆ ಕೆಮಿಸ್ಟ್ರಿ ಇದ್ದವರು ಎರಡೂ ಲ್ಯಾಬಿಗೆ ಅರ್ಜಿ ಹಾಕಬಹುದು. ಕೆಮಿಸ್ಟ್ರಿಯನ್ನು ಮಧ್ಯದಲ್ಲೇ ಕೈಬಿಟ್ಟವರಿಗೆ ಮುಂದೆ ಅದು ಮುಖ್ಯ ವಿಷಯ ಅಲ್ಲ ಅನ್ನುವ ತಕರಾರು ಬರಬಹುದು.

ರೆಗ್ಯುಲೇಟರಿ ಮತ್ತು ರಿಸರ್ಚ್ ಅಸಿಸ್ಟೆಂಟ್

ರೆಗ್ಯುಲೇಟರಿ ಅಫೇರ್ಸ್ ಅಂದರೆ ಕೂತು ಮಾಡುವ ಕೆಲಸ. ಒಂದು ದೇಶದಲ್ಲಿ ಔಷಧ ಮಾರಲು ಅಲ್ಲಿನ ಸರ್ಕಾರಕ್ಕೆ ಕೊಡಬೇಕಾದ ಕಡತವನ್ನು ಜೋಡಿಸೋದು. ಆ ಕಡತಕ್ಕೆ ಐದು ಭಾಗ. ಮೂರನೇ ಭಾಗ ಪೂರ್ತಿ ಗುಣಮಟ್ಟದ್ದು: ಪರೀಕ್ಷೆಯ ವಿಧಾನ, ಬ್ಯಾಚಿನ ಫಲಿತಾಂಶ, ಎಷ್ಟು ತಿಂಗಳು ಇಟ್ಟರೆ ಔಷಧ ಎಷ್ಟು ಕೆಡುತ್ತೆ ಎಂಬ ಲೆಕ್ಕ. ಎಲ್ಲವೂ ಕ್ಯೂಸಿಯಲ್ಲೇ ಹುಟ್ಟಿದ ಕಾಗದ. ಹಾಗಾಗಿ ಬಿಎಸ್ಸಿ ಮುಗಿಸಿ ನೇರ ಇಲ್ಲಿಗೆ ಹೋಗೋದು ಕಷ್ಟ. ಕ್ಯೂಸಿಯಲ್ಲಿ ಎರಡು ಮೂರು ವರ್ಷ ಬೆವರಿ, ಆಮೇಲೆ ಈ ಕಡೆ ಬರೋದು ಸಲೀಸಾದ ದಾರಿ. ಲಕ್ಷಗಟ್ಟಲೆ ಫೀ ತಗೊಂಡು ಆರು ತಿಂಗಳಲ್ಲಿ ರೆಗ್ಯುಲೇಟರಿ ಕೆಲಸ ಗ್ಯಾರಂಟಿ ಅನ್ನುವ ಕೋರ್ಸುಗಳ ಬಗ್ಗೆ ನಮಗಂತೂ ನಂಬಿಕೆ ಇಲ್ಲ.

ರಿಸರ್ಚ್ ಅಸಿಸ್ಟೆಂಟ್ ಕೆಲಸ ನಮಗೆ ಹತ್ತಿರದಲ್ಲೇ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಆನಂದಪುರದ ಬಳಿ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಗಳಂಥ ಕಡೆ ಅನುದಾನದ ಯೋಜನೆ ಬಂದಾಗ ತಾತ್ಕಾಲಿಕವಾಗಿ ಜನ ತಗೊಳ್ತಾರೆ. ನೋಟಿಸು ಅವರ ವೆಬ್‌ಸೈಟಿನಲ್ಲೇ ಬರೋದು, ದಿನಾಂಕ ಬಹಳ ಹತ್ತಿರ ಇರುತ್ತೆ. ಎಂಎಸ್ಸಿ ಜೊತೆ ನೆಟ್ ಅಥವಾ ಗೇಟ್ ಆದವರಿಗೆ ಜೆಆರ್‌ಎಫ್ ಅಂತ ಕೇಂದ್ರದ ಯೋಜನೆಗಳಲ್ಲಿ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಇದೆ. ಬಿಎಸ್ಸಿಯವರಿಗೆ ಸಿಗೋದು ಅದಕ್ಕಿಂತ ಕೆಳಗಿನ ಹುದ್ದೆ, ಹಣವೂ ಕಡಿಮೆ. ಯೋಜನೆ ಮುಗಿದ ದಿನ ಕೆಲಸವೂ ಮುಗಿಯುತ್ತೆ. ಪಿಎಚ್‌ಡಿ ಮನಸ್ಸಿದ್ದವರಿಗೆ ಇದು ಸರಿ. ಕಂಪನಿಗೇ ಹೋಗಬೇಕು ಅನ್ನುವವರಿಗೆ ಈ ವರ್ಷಗಳು ಔಷಧ ಕಂಪನಿಯ ಅನುಭವವೆಂದು ಪೂರ್ತಿ ಲೆಕ್ಕಕ್ಕೆ ಬರೋದಿಲ್ಲ ಅನ್ನೋದು ಗೊತ್ತಿರಲಿ.

ಎಲ್ಲಿ ಹುಡುಕೋದು, ಎಷ್ಟು ಕೈಗೆ ಬರುತ್ತೆ

ತಾಲ್ಲೂಕಿನೊಳಗೆ ಔಷಧ ಕ್ಯೂಸಿ ಸಿಗುತ್ತೆ ಅನ್ನೋ ಆಸೆ ಬೇಡ. ಮಾಚೇನಹಳ್ಳಿಯ ಹಾಲಿನ ಡೇರಿ, ಆಹಾರ ಘಟಕ, ಬಾಟಲಿ ನೀರಿನ ಘಟಕ ಇಂಥ ಕಡೆ ಕೆಮಿಸ್ಟ್, ಮೈಕ್ರೋಬಯಾಲಜಿಸ್ಟ್ ಕೆಲಸ ಆಗಾಗ ಇರುತ್ತೆ. ದೊಡ್ಡ ಔಷಧ ಕಾರ್ಖಾನೆಗಳಿಗೆ ಬೆಂಗಳೂರಿನ ಬೊಮ್ಮಸಂದ್ರ, ಜಿಗಣಿ, ಪೀಣ್ಯ, ಮೈಸೂರು ಕಡೆ ನಂಜನಗೂಡು, ಇಲ್ಲದಿದ್ದರೆ ಗೋವಾದ ವೆರ್ಣಾ. ಸೊರಬದವರಿಗೆ ಸಿರಸಿ, ಕಾರವಾರದ ಮೇಲೆ ಗೋವಾ ಬೆಂಗಳೂರಿಗಿಂತ ಹತ್ತಿರ ಅನ್ನೋದನ್ನ ಬಹಳ ಜನ ಯೋಚಿಸಿರೋದೇ ಇಲ್ಲ.

ಅನುಭವ ಇಲ್ಲ ಎಂದು ವಾಪಸ್ ಕಳಿಸ್ತಾರೆ ಅನ್ನುವವರು ಕೇಂದ್ರದ ಅಪ್ರೆಂಟಿಸ್ ಯೋಜನೆ ನೋಡಬಹುದು. nats.education.gov.in ನಲ್ಲಿ ಬಿಎಸ್ಸಿಯವರೂ ನೋಂದಾಯಿಸಬಹುದು. ಸಾಮಾನ್ಯವಾಗಿ ಒಂದು ವರ್ಷ, ಸ್ಟೈಪೆಂಡ್ ಸಿಗುತ್ತೆ, ಕೊನೆಗೆ ಸರ್ಟಿಫಿಕೇಟ್. ಮುಂದಿನ ಸಂದರ್ಶನದಲ್ಲಿ ಲ್ಯಾಬಿನೊಳಗೆ ಒಂದು ವರ್ಷ ಇದ್ದೆ ಎಂದು ಹೇಳೋಕೆ ಅಷ್ಟು ಸಾಕು.

ಸಂಬಳದ ಮಾತು ಬಂದಾಗ ಸಿಟಿಸಿ ಅನ್ನೋ ಪದಕ್ಕೆ ಮೋಸ ಹೋಗಬೇಡಿ. ವರ್ಷಕ್ಕೆ 2.40 ಲಕ್ಷ ಅಂದರೆ ತಿಂಗಳಿಗೆ 20,000 ಕೈಗೆ ಬರೋದಿಲ್ಲ. ಮೂಲ ವೇತನ 12,000 ಇದ್ದರೆ ನಿಮ್ಮ ಪಿಎಫ್ 1,440, ಕಂಪನಿಯ ಪಾಲಿನ 1,440 ಕೂಡ ಆ 20,000ದೊಳಗೇ. ಸಂಬಳ 21,000ದೊಳಗಿದ್ದರೆ ಇಎಸ್‌ಐ ಕೂಡ ಹೀಗೇ ಎರಡೂ ಕಡೆಯಿಂದ. ಕಳೆದು ಉಳಿಯೋದು ಸುಮಾರು 16,400. ಅದರಲ್ಲಿ ಪಿಜಿ ಬಾಡಿಗೆ, ಊಟ. ಕ್ಯಾಂಟೀನ್, ಬಸ್ ಕಂಪನಿಯದ್ದೇ ಇದೆಯಾ, ಶಿಫ್ಟ್ ಎಷ್ಟಿದೆ ಎಂದು ಮೊದಲೇ ಕೇಳಿ. ಸಂಬಳಕ್ಕಿಂತ ಕೆಲವೊಮ್ಮೆ ಇದೇ ಜಾಸ್ತಿ ಲೆಕ್ಕಕ್ಕೆ ಬರುತ್ತೆ.

ಇನ್ನು ಕನ್ಸಲ್ಟೆನ್ಸಿಗಳು. ಕೆಲಸ ಕೊಡುವ ಕಂಪನಿ ಸಂದರ್ಶನಕ್ಕೋ, ತರಬೇತಿಗೋ, ಯೂನಿಫಾರ್ಮಿಗೋ ಮುಂಗಡ ಕೇಳಿದರೆ ಅಲ್ಲಿಗೆ ಎದ್ದು ಬನ್ನಿ. ಎರಡು ವರ್ಷದ ಅನುಭವ ಪತ್ರ ಮಾಡಿಸಿಕೊಡ್ತೇವೆ ಅನ್ನುವವರೂ ಇದ್ದಾರೆ. ಕಂಪನಿಯವರು ಈಗ ಪಿಎಫ್ ನಂಬರ್ ಹಾಕಿ ನೋಡಿದರೆ ನೀವು ಎಲ್ಲೆಲ್ಲಿ, ಯಾವ ತಿಂಗಳಿಂದ ಇದ್ದಿರಿ ಅನ್ನೋದು ಕಾಣುತ್ತೆ. ಅನುಭವ ಪತ್ರದಲ್ಲಿ ಎರಡು ವರ್ಷ, ಪಿಎಫ್‌ನಲ್ಲಿ ಸೊನ್ನೆ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತೆ, ಸೇರಿದ ಮೇಲೆ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತೆ.

ಸಂದರ್ಶನಕ್ಕೆ ಹೊರಡುವಾಗ ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಪದವಿ ಅಥವಾ ಪ್ರೊವಿಷನಲ್ ಸರ್ಟಿಫಿಕೇಟು, ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಎರಡು ಸೆಟ್ ಜೆರಾಕ್ಸ್ ಮಾಡಿಸಿಕೊಳ್ಳಿ. ಒರಿಜಿನಲ್ ತೋರಿಸಿ, ನೋಡಿದ ಮೇಲೆ ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. ಬಾಂಡ್ ಹೆಸರಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೇ ಇಟ್ಟುಕೊಳ್ತೇವೆ ಅಂದರೆ ಕೊಡೋ ಮುಂಚೆ ಮನೆಗೊಂದು ಫೋನ್ ಮಾಡಿ.